ಮಾರುವುದಿಲ್ಲ ಎನ್ನುವವರ ಮಾಸಿಕ ಮಾರಾಟ

ಬೆಂಗಳೂರಿನ ದೀರ್ಘಾವಧಿ ಹೂಡಿಕೆದಾರ ಇನ್ಫೋಸಿಸ್ ಷೇರನ್ನು ಮಾರುವುದಿಲ್ಲ. ಮಾರುತ್ತೀರಾ ಎಂದು ಕೇಳಿದರೂ ಸಾಕು, ಮುಖ ಗಂಟಿಕ್ಕುತ್ತಾನೆ. "ಅದು ಮೊಮ್ಮಕ್ಕಳಿಗೆ ಸಾರ್" ಎನ್ನುತ್ತಾನೆ. ಸಂಜೆ ಮನೆಗೆ ಹೋಗಿ ಮೊಬೈಲ್ ತೆಗೆದು ಅದೇ ಷೇರಿನ ಮೇಲೆ ಕಾಲ್ ಆಪ್ಷನ್ ಬರೆಯುತ್ತಾನೆ. ಅಂದರೆ, ಇಂಥ ದಿನ, ಇಂಥ ಬೆಲೆಗೆ ಮೊಮ್ಮಕ್ಕಳ ಆಸ್ತಿ ಕೊಟ್ಟುಬಿಡುತ್ತೇನೆ ಎಂದು ಅಪರಿಚಿತನಿಗೆ ಕರಾರು ಮಾಡಿಕೊಡುತ್ತಾನೆ.

ಮಾರುವುದಿಲ್ಲ. ಆದರೆ ತಿಂಗಳಿಗೊಮ್ಮೆ ಮಾರಲು ಒಪ್ಪಿಕೊಳ್ಳುತ್ತಾನೆ.

ಇದಕ್ಕೆ ಕವರ್ಡ್ ಕಾಲ್ ಎಂದು ಹೆಸರು. ಕೋರ್ಸ್ ಮಾರುವವರು ಇದನ್ನು 'ಷೇರಿನ ಬಾಡಿಗೆ' ಎಂದು ಮಾರುತ್ತಾರೆ. ಸುಮ್ಮನೆ ಕೂತ ಷೇರಿನಿಂದ ತಿಂಗಳ ಆದಾಯ. ಅಪಾಯವಿಲ್ಲ, ಏಕೆಂದರೆ ಷೇರು ನಿಮ್ಮ ಬಳಿಯೇ ಇದೆ. ಎಷ್ಟು ಚೆಂದದ ಮಾತು! ಮನೆ ಬಾಡಿಗೆಗೆ ಕೊಟ್ಟವನಿಗೆ ಸೈಟಿನ ಬೆಲೆ ಏರಿದರೆ ಆ ಏರಿಕೆಯೂ ಅವನದೇ. ಇಲ್ಲಿ ಹಾಗಲ್ಲ. ಏರಿಕೆಯನ್ನೇ ಮಾರಿ ಬಂದ ದುಡ್ಡಿದು. ಇಳಿಕೆ ಪೂರ್ತಿ ನಿಮ್ಮದು.

ಲೆಕ್ಕಕ್ಕೆ ಬರೋಣ. ಭಾಷಣಕ್ಕಿಂತ ಲೆಕ್ಕಕ್ಕೆ ನಾಚಿಕೆ ಕಡಿಮೆ.

ಷೇರು 1,500 ರೂಪಾಯಿಯಲ್ಲಿದೆ ಎಂದಿಟ್ಟುಕೊಳ್ಳಿ. ಒಂದು ಲಾಟ್‌ಗೆ 400 ಷೇರು. ಒಟ್ಟು ಬೆಲೆ 6 ಲಕ್ಷ. ಎಕ್ಸ್‌ಪೈರಿಗೆ ಒಂದು ತಿಂಗಳಿದೆ. ಮಾರುಕಟ್ಟೆ ಶಾಂತವಾಗಿದೆ. ಆಪ್ಷನ್ ಚೈನ್ ತೆರೆದರೆ ಸುಮಾರು ಹೀಗೆ ಕಾಣುತ್ತದೆ: 1,500ರ ಸ್ಟ್ರೈಕ್‌ಗೆ ಪ್ರೀಮಿಯಂ 45 ರೂಪಾಯಿ, 1,560ಕ್ಕೆ 21, 1,600ಕ್ಕೆ 12, 1,640ಕ್ಕೆ 6.

ನಮ್ಮವನ ಕಣ್ಣು ನೇರ 45ರ ಮೇಲೆ ಬೀಳುತ್ತದೆ. 45ನ್ನು 400ರಿಂದ ಗುಣಿಸಿದರೆ 18,000. ತಿಂಗಳಿಗೆ 3 ಪರ್ಸೆಂಟ್! ತಕ್ಷಣ ಹನ್ನೆರಡರಿಂದ ಗುಣಿಸುತ್ತಾನೆ. ವರ್ಷಕ್ಕೆ 36 ಪರ್ಸೆಂಟ್. ಎಫ್‌ಡಿ ಇಟ್ಟ ಭಾವಮೈದುನನ ಮೇಲೆ ಅವನಿಗೆ ಕನಿಕರ ಹುಟ್ಟುತ್ತದೆ.

ಈಗ ಷೇರು 1,700ಕ್ಕೆ ಹೋಯಿತು ಎನ್ನಿ. ಅವನ ಕೈಗೆ ಬರುವುದು 1,500 ಮತ್ತು 45, ಅಂದರೆ 1,545. ಮೇಲಿನ 155 ರೂಪಾಯಿ ಬೇರೆಯವನ ಪಾಲು. 400 ಷೇರಿಗೆ 62,000. ಷೇರು 1,300ಕ್ಕೆ ಬಿತ್ತು ಎನ್ನಿ. 80,000 ಕರಗಿತು, 18,000 ಕೈಯಲ್ಲಿ ಉಳಿಯಿತು. ಏರಿದರೆ ಏರಿಕೆ ಇಲ್ಲ. ಇಳಿದರೆ ಇಳಿಕೆ ಇದೆ. ಇದಕ್ಕೆ ಅವನು ಇಟ್ಟ ಹೆಸರು, ಸುರಕ್ಷಿತ ಆದಾಯ.

1,500ರ ಸ್ಟ್ರೈಕ್ ಬರೆದವನು ಹೂಡಿಕೆದಾರನಲ್ಲ. ಇವತ್ತಿನ ಬೆಲೆಗೇ ಷೇರು ಮಾರಲು ತಯಾರಾಗಿ, ಆ ಮಾತನ್ನು ಹೆಂಡತಿಗೆ ಹೇಳದವನು.

ಹಾಗಾದರೆ 1,600? ಪ್ರೀಮಿಯಂ 12. ತಿಂಗಳಿಗೆ 4,800 ರೂಪಾಯಿ. ಬಾಯಿ ಸಪ್ಪೆಯಾಗುತ್ತದೆ, ಗೊತ್ತು. ಆದರೆ ಷೇರು ಏರಲು ನೂರು ರೂಪಾಯಿ ಜಾಗ ಉಳಿಯುತ್ತದೆ. ಆಪ್ಷನ್ ಚೈನ್‌ನಲ್ಲಿ ಡೆಲ್ಟಾ ಎಂಬ ಕಾಲಂ ಇರುತ್ತದೆ. ಯಾರೂ ನೋಡುವುದಿಲ್ಲ. 1,600ರ ಎದುರು ಅದು ಸುಮಾರು 0.2 ಎಂದು ತೋರಿಸುತ್ತದೆ. ಒರಟಾಗಿ ಹೇಳಿದರೆ, ಎಕ್ಸ್‌ಪೈರಿ ದಿನ ಷೇರು 1,600 ದಾಟಿರುವ ಸಾಧ್ಯತೆ ಐದರಲ್ಲಿ ಒಂದು. 1,500ರ ಎದುರು ಅದು ಅರ್ಧಕ್ಕಿಂತ ತುಸು ಹೆಚ್ಚು. ಕಷ್ಟಪಟ್ಟು ವರ್ಷಾನುಗಟ್ಟಲೆ ಹಿಡಿದಿಟ್ಟ ಷೇರಿನ ಮೇಲೆ ನಾಣ್ಯ ಚಿಮ್ಮುವ ಆಟ ಬೇಡವೆಂದರೆ ಡೆಲ್ಟಾ 0.15ರಿಂದ 0.25ರ ನಡುವೆ ಇರಲಿ. ಅದರಾಚೆಗಿನ 1,640ಕ್ಕೆ ಸಿಗುವುದು 2,400 ರೂಪಾಯಿ. ಬ್ರೋಕರೇಜ್, ಎಸ್‌ಟಿಟಿ, ಜಿಎಸ್‌ಟಿ ಕಳೆದು ಅದಕ್ಕಾಗಿ ಇಡೀ ತಿಂಗಳು ಕಟ್ಟಿಹಾಕಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಆದರೆ ಡೆಲ್ಟಾ ಎರಡನೆಯ ಪ್ರಶ್ನೆ. ಮೊದಲ ಪ್ರಶ್ನೆ ಬೇರೆ. ಅದನ್ನು ಕೇಳಿದರೆ ಎಲ್ಲರೂ ಫ್ಯಾನ್ ನೋಡುತ್ತಾರೆ: ಯಾವ ಬೆಲೆಗೆ ನೀವು ಈ ಷೇರನ್ನು ಸಂತೋಷದಿಂದ ಬಿಟ್ಟುಕೊಡುತ್ತೀರಿ?

1,600 ಎಂದಾದರೆ 1,600 ಬರೆಯಿರಿ. ಷೇರು ಹೋದರೆ 1,612 ಸಿಕ್ಕಿತು ಎಂದು ಚಹಾ ಕುಡಿಯಿರಿ. 1,800 ಎಂದಾದರೆ ಈ ತಿಂಗಳು ಅದಕ್ಕೆ ಪ್ರೀಮಿಯಂ ಪುಡಿಗಾಸು. ಆದ್ದರಿಂದ ಬರೆಯಬೇಡಿ. ಯಾವ ಬೆಲೆಗೂ ಇಲ್ಲ ಎಂದಾದರೆ ಈ ಆಟವೇ ನಿಮ್ಮದಲ್ಲ. ಸ್ಟ್ರೈಕ್ ಹುಟ್ಟಬೇಕಾದದ್ದು ಈ ಉತ್ತರದಿಂದ. ನಮ್ಮಲ್ಲಿ ಅದು ಹುಟ್ಟುವುದು ತಿಂಗಳ ಇಎಂಐನಿಂದ. 'ನನಗೆ 15,000 ಬೇಕು, ಯಾವ ಸ್ಟ್ರೈಕ್ ಹಾಕಲಿ?' ಮಾರುಕಟ್ಟೆಗೆ ನಿಮ್ಮ ಕಾರಿನ ಸಾಲದ ಬಗ್ಗೆ ಅಷ್ಟೊಂದು ಕಾಳಜಿ ಇಲ್ಲ.

ಇನ್ನು ಎಕ್ಸ್‌ಪೈರಿ. ಇಲ್ಲಿ ದುರಾಸೆ ಇನ್ನೊಂದು ವೇಷ ಹಾಕುತ್ತದೆ.

ಕೆಲವು ತಿಂಗಳು ಪ್ರೀಮಿಯಂ ಇದ್ದಕ್ಕಿದ್ದಂತೆ ದಪ್ಪವಾಗಿ ಕಾಣುತ್ತದೆ. 12 ಇದ್ದದ್ದು 20 ಆಗಿರುತ್ತದೆ. ನಮ್ಮವನು ಕೈ ಉಜ್ಜಿಕೊಳ್ಳುತ್ತಾನೆ. ಏಕೆ ದಪ್ಪವಾಯಿತು ಎಂದು ಕೇಳುವುದಿಲ್ಲ. ಇನ್ಫೋಸಿಸ್ ತನ್ನ ತ್ರೈಮಾಸಿಕ ಫಲಿತಾಂಶ ಪ್ರಕಟಿಸುವುದು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ನಡುಭಾಗದ ಹೊತ್ತಿಗೆ. ಆ ತಿಂಗಳ ಎಕ್ಸ್‌ಪೈರಿಯ ಹೊಟ್ಟೆಯಲ್ಲಿ ಫಲಿತಾಂಶ ಕೂತಿರುತ್ತದೆ. ಕೊಳ್ಳುವವನು ಹೆಚ್ಚು ಕೊಡುತ್ತಿರುವುದು ನಿಮ್ಮ ಮೇಲಿನ ಪ್ರೀತಿಗಲ್ಲ.

2013 ನೆನಪಿಸಿಕೊಳ್ಳಿ. ಜನವರಿ 11ರಂದು ಫಲಿತಾಂಶ ಬಂತು. ಷೇರು ಒಂದೇ ದಿನದಲ್ಲಿ ಸುಮಾರು 17 ಪರ್ಸೆಂಟ್ ಏರಿತು. ಐದು ಪರ್ಸೆಂಟ್ ಮೇಲಿನ ಸ್ಟ್ರೈಕ್ ಬರೆದು ನಿದ್ದೆ ಹೋದವನು ಹನ್ನೆರಡು ಪರ್ಸೆಂಟ್ ಏರಿಕೆಯನ್ನು ಬೆಳಗಿನ ಕಾಫಿಗೆ ಮುಂಚೆ ದಾನ ಮಾಡಿದ್ದ. ಏಪ್ರಿಲ್ 12ರಂದು ಮತ್ತೆ ಫಲಿತಾಂಶ. ಈ ಸಲ ಷೇರು ಒಂದೇ ದಿನದಲ್ಲಿ 21 ಪರ್ಸೆಂಟ್ ಬಿತ್ತು. ಆಗ ಅದೇ ಮನುಷ್ಯನ ಕೈಯಲ್ಲಿ ಉಳಿದದ್ದು ಒಂದೆರಡು ಪರ್ಸೆಂಟ್ ಪ್ರೀಮಿಯಂ. ಮೂರು ತಿಂಗಳ ಅಂತರ, ಒಂದೇ ಕಂಪನಿ. ಏರಿಕೆ ತಪ್ಪಿತು, ಇಳಿಕೆ ತಪ್ಪಲಿಲ್ಲ. ಕವರ್ಡ್ ಕಾಲ್ ಎಂದರೆ ಏನು ಎಂದು ತಿಳಿಯಲು ಈ ಎರಡು ದಿನ ಸಾಕು, ಕೋರ್ಸಿನ ಫೀಸು ಉಳಿಯುತ್ತದೆ.

ಆದ್ದರಿಂದ ಫಲಿತಾಂಶದ ನಾಲ್ಕು ತಿಂಗಳು ಬಿಡಿ. ಬಿಡಲಾಗದ ಚಪಲವಿದ್ದರೆ ಫಲಿತಾಂಶ ಬಂದ ಮರುದಿನದ ತನಕ ಕೈ ಕಟ್ಟಿ ಕೂತು, ಆಮೇಲೆ ಮುಂದಿನ ತಿಂಗಳದ್ದು ಬರೆಯಿರಿ. ಪ್ರೀಮಿಯಂ ಅಷ್ಟು ಹೊತ್ತಿಗೆ ಬಡಕಲಾಗಿರುತ್ತದೆ. ಆಗಲಿ. ಅದು ಅಪಾಯ ಕರಗಿದ್ದರ ಗುರುತು.

ಇನ್ನು ಎಷ್ಟು ದಿನ ಮುಂಚಿತವಾಗಿ ಬರೆಯಬೇಕು? 30ರಿಂದ 40 ದಿನ. ನಮ್ಮ ಎನ್‌ಎಸ್‌ಇಯಲ್ಲಿ ಒಂದೊಂದು ಷೇರಿಗೆ ಮೂರು ತಿಂಗಳ ಎಕ್ಸ್‌ಪೈರಿ ಇರುತ್ತದೆ. ಆದರೆ ವ್ಯಾಪಾರ ನಡೆಯುವುದು ಈ ತಿಂಗಳದ್ದರಲ್ಲಿ, ಸ್ವಲ್ಪ ಮುಂದಿನ ತಿಂಗಳದ್ದರಲ್ಲಿ. ಮೂರನೆಯದರಲ್ಲಿ ಕೊಳ್ಳುವವನು 20 ಎಂದರೆ ಮಾರುವವನು 32 ಎನ್ನುತ್ತಾನೆ. ಅಲ್ಲಿಗೆ ಹೋದವನು ಒಳಗೆ ಹೋಗುವಾಗಲೂ ಕಳೆದುಕೊಳ್ಳುತ್ತಾನೆ, ಹೊರಗೆ ಬರುವಾಗಲೂ ಕಳೆದುಕೊಳ್ಳುತ್ತಾನೆ. ದೂರದ ಎಕ್ಸ್‌ಪೈರಿಗೆ ಒಟ್ಟು ಮೊತ್ತ ದೊಡ್ಡದಾಗಿ ಕಾಣುತ್ತದೆ, ನಿಜ. ಆದರೆ ಅಷ್ಟೂ ದಿನ ನಿಮ್ಮ ಏರಿಕೆಗೆ ಬೀಗ ಬಿದ್ದಿರುತ್ತದೆ, ಮತ್ತು ನಡುವೆ ಒಂದು ಫಲಿತಾಂಶ ಬರುವ ಸಾಧ್ಯತೆಯೂ ಹೆಚ್ಚು.

ಇಷ್ಟಾದರೂ ಕೆಲವರು ಅಮೆರಿಕದ ವಿಡಿಯೊ ನೋಡಿ ಬಂದಿರುತ್ತಾರೆ. ಅಲ್ಲಿ ಲಾಟ್ ಎಂದರೆ ನೂರು ಷೇರು. ದೊಡ್ಡ ಷೇರುಗಳಿಗೆ ವಾರದ ಎಕ್ಸ್‌ಪೈರಿ ಇದೆ. ಖಾತೆಯಲ್ಲಿ ಷೇರಿದ್ದರೆ ಬ್ರೋಕರ್ ಅದನ್ನೇ ರಕ್ಷೆ ಎಂದು ಒಪ್ಪುತ್ತಾನೆ, ಬೇರೆ ಮಾರ್ಜಿನ್ ಕೇಳುವುದಿಲ್ಲ. ಕೊಂಡವನು ಎಕ್ಸ್‌ಪೈರಿಗೆ ಮುಂಚೆಯೇ ಷೇರು ಕೇಳಬಹುದು. ಇಲ್ಲಿ ಈ ನಾಲ್ಕೂ ಸುಳ್ಳು. ಲಾಟ್ ದೊಡ್ಡದು. ಷೇರಿಗೆ ತಿಂಗಳ ಎಕ್ಸ್‌ಪೈರಿ ಮಾತ್ರ. 2011ರಿಂದ ನಮ್ಮ ಷೇರು ಆಪ್ಷನ್‌ಗಳು ಯುರೋಪಿಯನ್ ಮಾದರಿಯವು, ಲೆಕ್ಕ ಕೊನೆಯ ದಿನವೇ. ಮತ್ತು ಡಿಮ್ಯಾಟ್‌ನಲ್ಲಿ ನಾಲ್ಕು ನೂರು ಷೇರು ಮಲಗಿದ್ದರೂ ಬ್ರೋಕರ್ ಮಾರ್ಜಿನ್ ಕೇಳಿಯೇ ಕೇಳುತ್ತಾನೆ.

ಎಷ್ಟು? 6 ಲಕ್ಷದ ಲಾಟ್‌ಗೆ ಲಕ್ಷದ ಆಸುಪಾಸು. ಷೇರು ಪ್ಲೆಡ್ಜ್ ಮಾಡಿ ಅದನ್ನು ಹೊಂದಿಸಬಹುದು. ಆದರೆ ಅರ್ಧ ಭಾಗ ನಗದಿನಲ್ಲೋ ಲಿಕ್ವಿಡ್ ಫಂಡ್‌ನಂಥ ನಗದಿಗೆ ಸಮನಾದದ್ದರಲ್ಲೋ ಇರಬೇಕೆಂಬ ನಿಯಮವಿದೆ. ಇಲ್ಲದಿದ್ದರೆ ಕೊರತೆಗೆ ಬಡ್ಡಿ. 'ಸುಮ್ಮನೆ ಕೂತ ಷೇರಿನಿಂದ ಆದಾಯ' ಎಂದವರು ಈ ಐವತ್ತು ಸಾವಿರವೂ ಸುಮ್ಮನೆ ಕೂರಬೇಕು ಎಂದು ಹೇಳಲಿಲ್ಲ. ಮರೆತಿರಬೇಕು, ಪಾಪ.

ಈಗ ಎಲ್ಲರೂ ಮುಗ್ಗರಿಸುವ ಜಾಗಕ್ಕೆ ಬರೋಣ. 1,600ರ ಕಾಲ್ ಅನ್ನು 12ಕ್ಕೆ ಬರೆದಾಗಿದೆ. ಎಕ್ಸ್‌ಪೈರಿಗೆ ನಾಲ್ಕು ದಿನ ಇರುವಾಗ ಷೇರು 1,700. ಕಾಲ್‌ನ ಬೆಲೆ 102.

ಬರೆದಾಗ '1,600 ಬಂದರೆ ಕೊಟ್ಟುಬಿಡುತ್ತೇನೆ' ಎಂದವನೇ ಈಗ 'ಇಷ್ಟು ಒಳ್ಳೆ ಷೇರು ಕೈ ಬಿಡಬಾರದು' ಎನ್ನುತ್ತಾನೆ. 102 ಕೊಟ್ಟು ಕಾಲ್ ವಾಪಸ್ ಕೊಳ್ಳುತ್ತಾನೆ. ಮುಂದಿನ ತಿಂಗಳ 1,700ರ ಕಾಲ್ ಅನ್ನು 50ಕ್ಕೆ ಬರೆಯುತ್ತಾನೆ. ಇದಕ್ಕೆ ರೋಲ್ ಮಾಡುವುದು ಎನ್ನುತ್ತಾರೆ. ಷೇರಿನ ಏರಿಕೆ ಇನ್ನೂ ಕಾಗದದ ಮೇಲಿದೆ, ಬ್ಯಾಂಕಿನಿಂದ ಮಾತ್ರ ನಿಜವಾದ ರೂಪಾಯಿ ಹೋಗಿದೆ. ಮರು ತಿಂಗಳು ಷೇರು ಇಳಿದು ಮತ್ತೆ 1,500ಕ್ಕೆ ಬಂದು ನಿಲ್ಲುತ್ತದೆ. ಲೆಕ್ಕ ಹಾಕಿ: ಬಂದದ್ದು 12 ಮತ್ತು 50. ಹೋದದ್ದು 102. ಷೇರಿಗೆ 40 ನಷ್ಟ, ಲಾಟ್‌ಗೆ 16,000. ಷೇರು ಹೊರಟಲ್ಲೇ ಇದೆ. ಆದಾಯಕ್ಕೆಂದು ಶುರು ಮಾಡಿದ ಕೆಲಸಕ್ಕೆ ಎರಡು ತಿಂಗಳಲ್ಲಿ ಮೂರು ತಿಂಗಳ ಪ್ರೀಮಿಯಂಗಿಂತ ಹೆಚ್ಚು ಖರ್ಚಾಯಿತು.

ರೋಲ್ ಮಾಡಬಾರದೆಂದಲ್ಲ. ಷೇರು ಸ್ಟ್ರೈಕ್ ಹತ್ತಿರ ಬಂದಾಗಲೇ, ಇನ್ನೂ ಹತ್ತು ಹದಿನೈದು ದಿನ ಇರುವಾಗಲೇ ಮಾಡಬೇಕು. ವಾಪಸ್ ಕೊಳ್ಳಲು ಹೋಗುವುದಕ್ಕಿಂತ ಹೊಸದರಿಂದ ಬರುವುದು ಹೆಚ್ಚಿರಬೇಕು, ಸ್ಟ್ರೈಕೂ ಮೇಲಕ್ಕೆ ಹೋಗಬೇಕು. ಎರಡೂ ಆಗುವುದಾದರೆ ಮಾಡಿ. ಕೈಯಿಂದ ದುಡ್ಡು ಹಾಕಬೇಕಾದರೆ ಬೇಡ. ಒಪ್ಪಿದ ಬೆಲೆಗೆ ಷೇರು ಕೊಟ್ಟು ಎದ್ದು ಬನ್ನಿ.

ಉಲ್ಟಾ ದಿಕ್ಕಿನಲ್ಲೂ ಇದೇ ಮೊಂಡುತನ. ಷೇರು ಏರಲಿಲ್ಲ. ಹತ್ತು ದಿನ ಉಳಿದಿರುವಾಗ ನಿಮ್ಮ 12 ರೂಪಾಯಿಯ ಕಾಲ್ 2 ರೂಪಾಯಿಗೆ ಬಂದಿದೆ. ಕೊಂಡು ಮುಗಿಸಿ. ಇನ್ನುಳಿದದ್ದು 800 ರೂಪಾಯಿ. ಅದಕ್ಕಾಗಿ 6 ಲಕ್ಷದ ಷೇರಿನ ಏರಿಕೆಯನ್ನು ಹತ್ತು ದಿನ ಒತ್ತೆ ಇಡುತ್ತೀರಾ? ಇಡುತ್ತಾರೆ. ಬ್ರೋಕರೇಜ್ ಇಪ್ಪತ್ತು ರೂಪಾಯಿ ಉಳಿಸಲು ಇಡುತ್ತಾರೆ.

ಷೇರು ಕೊಡುವ ದಿನ ಬಂತು ಎನ್ನಿ. ಷೇರು ಆಪ್ಷನ್‌ಗಳೆಲ್ಲ ಈಗ ಷೇರು ಕೊಟ್ಟೇ ತೀರಿಸಬೇಕಾದವು. 2019ರ ಅಕ್ಟೋಬರ್‌ನಿಂದ ಎಲ್ಲಕ್ಕೂ ಇದೇ ಪದ್ಧತಿ. 2013ರಲ್ಲಿದ್ದಂತೆ ನಗದಿನಲ್ಲಿ ವ್ಯತ್ಯಾಸ ಕೊಟ್ಟು ಜಾರಿಕೊಳ್ಳುವ ಹಾಗಿಲ್ಲ. ಷೇರು ಪ್ಲೆಡ್ಜ್‌ನಲ್ಲಿದ್ದರೆ ಮೊದಲು ಬಿಡಿಸಿಕೊಳ್ಳಬೇಕಾಗಬಹುದು. ಬಿಡಿಸಿಕೊಂಡರೆ ಮಾರ್ಜಿನ್ ಹೋಯಿತು, ಅಷ್ಟೂ ನಗದು ಬೇಕು. ಎಷ್ಟು ದಿನ ಮುಂಚೆ ಬಿಡಿಸಬೇಕು ಎಂದು ಕಾಲ್ ಬರೆಯುವ ಮೊದಲೇ ನಿಮ್ಮ ಬ್ರೋಕರನ್ನು ಕೇಳಿ. ಸಮಯಕ್ಕೆ ಷೇರು ಕೊಡದಿದ್ದರೆ ಹರಾಜು. ಇದ್ದೂ ಇಲ್ಲದವನ ಗತಿ.

ಈಗ ತೆರಿಗೆ. ಇಲ್ಲಿ ವಿಡಿಯೊಗಳ ದನಿ ಪೂರ್ತಿ ಅಡಗುತ್ತದೆ.

ನಿಮ್ಮ ಬಳಿ ಎರಡು ಕಂತು ಷೇರು ಇದೆ ಎನ್ನಿ. 2020ರಲ್ಲಿ 700ರಂತೆ ಕೊಂಡ 400. 2024ರಲ್ಲಿ 1,500ರಂತೆ ಕೊಂಡ 400. ಕಾಲ್ ಬರೆದದ್ದು ಹೊಸದರ ಮೇಲೆ ಎಂದು ನಿಮ್ಮ ಮನಸ್ಸಿನಲ್ಲಿದೆ. ಮನಸ್ಸಿನಲ್ಲಿ ಇರಲಿ. ಡಿಮ್ಯಾಟ್‌ನಲ್ಲಿ ಮೊದಲು ಬಂದದ್ದು ಮೊದಲು ಹೊರಗೆ. 1,600ಕ್ಕೆ ಹೋಗುವುದು 700ರ ಷೇರು. ಲಾಭ 3,60,000. ವಿನಾಯಿತಿಯ 1,25,000 ಕಳೆದರೆ 2,35,000. ಅದಕ್ಕೆ 12.5 ಪರ್ಸೆಂಟ್, ಸೆಸ್ ಬಿಟ್ಟು 29,375 ರೂಪಾಯಿ. ಎಂದೋ ಕಟ್ಟಬೇಕಿದ್ದ ತೆರಿಗೆಯನ್ನು 4,800ರ ಆಸೆಗೆ ಇವತ್ತೇ ಕಟ್ಟಿದಿರಿ. ಬಿಟ್ಟುಕೊಡಲು ಸಿದ್ಧವಿರುವ ಷೇರನ್ನು ಬೇರೆ ಡಿಮ್ಯಾಟ್ ಖಾತೆಯಲ್ಲಿ ಇಟ್ಟಿದ್ದರೆ ಈ ಪಾಡು ತಪ್ಪುತ್ತಿತ್ತು, ಏಕೆಂದರೆ ಈ ಸರದಿಯ ಲೆಕ್ಕ ಖಾತೆಗೊಂದರಂತೆ. ಆದರೆ ಎರಡನೇ ಖಾತೆಗೆ ವಾರ್ಷಿಕ ಶುಲ್ಕ ಕೊಡಬೇಕಲ್ಲ! ಅದು ನಮಗೆ ನುಂಗಲಾರದ ಖರ್ಚು.

ಪ್ರೀಮಿಯಂಗೆ ಬೇರೆ ಲೆಕ್ಕ. ಅದು ಬಂಡವಾಳ ಲಾಭವಲ್ಲ, ವ್ಯಾಪಾರದ ಆದಾಯ. ನಿಮ್ಮ ಸ್ಲ್ಯಾಬ್‌ನಂತೆ ತೆರಿಗೆ. ಐಟಿಆರ್-3 ತುಂಬಬೇಕು. ನಷ್ಟವಾದರೆ ಅದನ್ನು ಸಂಬಳದಲ್ಲಿ ಕಳೆಯುವ ಹಾಗಿಲ್ಲ. ಪಿಂಚಣಿಯೂ ಸಂಬಳದ ಲೆಕ್ಕವೇ. 'ನಾನು ಹೂಡಿಕೆದಾರ, ಟ್ರೇಡರ್ ಅಲ್ಲ' ಎಂದು ಮದುವೆ ಮನೆಗಳಲ್ಲಿ ಹೇಳಿಕೊಂಡವನನ್ನು ಇಲಾಖೆ ಸದ್ದಿಲ್ಲದೆ ವ್ಯಾಪಾರಿ ಎಂದು ಬರೆದುಕೊಳ್ಳುತ್ತದೆ. ಆ ಒಂದು ವಿಷಯದಲ್ಲಿ ಇಲಾಖೆ ಅವನಿಗಿಂತ ಪ್ರಾಮಾಣಿಕ.

ಇನ್ನು ವರ್ಷದ ಒಟ್ಟು. ಫಲಿತಾಂಶದ ನಾಲ್ಕು ತಿಂಗಳು ಬಿಟ್ಟು ಎಂಟು ತಿಂಗಳು 1,600ರಂಥ ದೂರದ ಸ್ಟ್ರೈಕ್ ಬರೆದರೆ, ಎಲ್ಲವೂ ಸರಿಯಾದರೆ 38,400 ರೂಪಾಯಿ. 6 ಲಕ್ಷಕ್ಕೆ 6.4 ಪರ್ಸೆಂಟ್. ಮೂವತ್ತರ ಸ್ಲ್ಯಾಬ್‌ನವನಿಗೆ ತೆರಿಗೆ ಕಳೆದು ನಾಲ್ಕೂವರೆ. ಐದರಲ್ಲಿ ಒಂದು ಸಾಧ್ಯತೆ ಎಂದೆವಲ್ಲ, ಎಂಟು ತಿಂಗಳಲ್ಲಿ ಒಂದೆರಡು ಸಲ ಸ್ಟ್ರೈಕ್ ಮುಟ್ಟುವುದು ಸಹಜ. ಅಂಥ ಒಂದು ತಿಂಗಳು ಷೇರು 1,700ಕ್ಕೆ ಹೋದರೆ 88 ರೂಪಾಯಿಯಂತೆ 35,200 ಕೈ ತಪ್ಪುತ್ತದೆ. ವರ್ಷದ ಬೆವರನ್ನು ಒಂದೇ ತಿಂಗಳು ಒರೆಸಿ ಹಾಕುತ್ತದೆ. 36 ಪರ್ಸೆಂಟ್ ಎಂದವರು ಈಗ ಎಲ್ಲಿದ್ದಾರೆ? ಮುಂದಿನ ಬ್ಯಾಚ್ ಶುರುವಾಗಿದೆ, ಅಲ್ಲಿದ್ದಾರೆ.

ಹಾಗಾದರೆ ಯಾರಿಗೂ ಬೇಡವೇ? ಬೇಕಾದವರಿದ್ದಾರೆ. ಅವರು ಮಾತ್ರ ಕೋರ್ಸಿಗೆ ಬರುವುದಿಲ್ಲ. ಇಡೀ ಉಳಿತಾಯ ಒಂದೇ ಕಂಪನಿಯಲ್ಲಿ ಸಿಕ್ಕಿಕೊಂಡಿದೆ, ಸ್ವಲ್ಪ ಕಡಿಮೆ ಮಾಡಬೇಕು, ಇಂಥ ಬೆಲೆ ಬಂದರೆ ಮಾರುತ್ತೇನೆ ಎಂದು ಆಗಲೇ ತೀರ್ಮಾನಿಸಿದವರು. ಅವರಿಗೆ ಕಾಯುವ ತಿಂಗಳಿಗೆಲ್ಲ ಪ್ರೀಮಿಯಂ ಸಿಗುತ್ತದೆ. ಷೇರು ಹೋದರೆ ಅಂದುಕೊಂಡದ್ದೇ ಆಯಿತು. ಅವರು 800 ಷೇರಿದ್ದರೆ ಒಂದೇ ಲಾಟ್ ಬರೆಯುತ್ತಾರೆ, ಉಳಿದರ್ಧ ಎಷ್ಟು ಬೇಕಾದರೂ ಏರಲಿ ಎಂದು ಬಿಡುತ್ತಾರೆ. 400 ಮಾತ್ರ ಇದ್ದವನಿಗೆ ಆ ಅವಕಾಶವೂ ಇಲ್ಲ. ಬರೆದರೆ ಪೂರ್ತಿ, ಬಿಟ್ಟರೆ ಪೂರ್ತಿ. 300 ಇಟ್ಟುಕೊಂಡು ಒಂದು ಲಾಟ್ ಬರೆಯುವ ವೀರರೂ ಇದ್ದಾರೆ. ಅವರ ನೂರು ಷೇರಿಗೆ ರಕ್ಷೆ ಎಂಬುದೇ ಇಲ್ಲ, ಧೈರ್ಯ ಒಂದೇ.

ಆದ್ದರಿಂದ ಒಂದು ಚೀಟಿ ತೆಗೆದುಕೊಳ್ಳಿ. ಷೇರಿನ ಹೆಸರು ಬರೆಯಿರಿ. ಎದುರಿಗೆ, ಬೇಸರವಿಲ್ಲದೆ ಬಿಟ್ಟುಕೊಡುವ ಬೆಲೆ ಬರೆಯಿರಿ. ಅದೇ ನಿಮ್ಮ ಸ್ಟ್ರೈಕ್. ಆ ಸ್ಟ್ರೈಕ್‌ಗೆ ಫಲಿತಾಂಶವಿಲ್ಲದ ಮುಂದಿನ ಎಕ್ಸ್‌ಪೈರಿಯಲ್ಲಿ ಸಿಗುವ ಪ್ರೀಮಿಯಂ ಮುಕ್ಕಾಲು, ಒಂದು ಪರ್ಸೆಂಟ್ ಬಂದರೆ ಬರೆಯಿರಿ. ಬಾರದಿದ್ದರೆ ಆ ತಿಂಗಳು ರಜೆ. ಸ್ಟ್ರೈಕ್ ಕೆಳಗೆ ಇಳಿಸಬೇಡಿ.

ಬೆಲೆ ಬರೆಯಲು ಕೈ ಏಳದಿದ್ದರೆ ಕಾಲನ್ನೂ ಬರೆಯಬೇಡಿ. ಡಿವಿಡೆಂಡ್ ತೆಗೆದುಕೊಂಡು ಸುಮ್ಮನಿರಿ. ಸುಮ್ಮನಿರುವುದರಲ್ಲಿ ಬ್ರೋಕರ್‌ಗೆ ಬ್ರೋಕರೇಜ್ ಇಲ್ಲ, ಸರ್ಕಾರಕ್ಕೆ ಎಸ್‌ಟಿಟಿ ಇಲ್ಲ, ಗುರುಗಳಿಗೆ ಫೀಸಿಲ್ಲ. ಅದಕ್ಕೇ ಆ ವಿದ್ಯೆಯನ್ನು ಯಾರೂ ನಿಮಗೆ ಹೇಳಿಕೊಡುವುದಿಲ್ಲ.